ಒಂದೇ ದಿನ ಮೂರು ಸಂದರ್ಶನ: ಹೊಂದಿಸುವುದು ಹೇಗೆ?

ನಿಮ್ಮ ಪಟ್ಟಿ ನೋಡಿದೆ. ಬೆಳಿಗ್ಗೆ 10ಕ್ಕೆ ವೈಟ್‌ಫೀಲ್ಡ್‌ನ ಐಟಿಪಿಎಲ್, 12.30ಕ್ಕೆ ಜಯನಗರ, 2ಕ್ಕೆ ಎಂ.ಜಿ. ರಸ್ತೆ. ಇದರಲ್ಲಿ ಜಯನಗರದ್ದು ಆ ಹೊತ್ತಿಗೆ ಆಗುವುದಿಲ್ಲ. ಇವತ್ತೇ ಅಲ್ಲಿಗೆ ಫೋನ್ ಮಾಡಿ, "ಅದೇ ದಿನ ಸಂಜೆ 4.30ಕ್ಕೆ ಬರಬಹುದೇ?" ಎಂದು ಕೇಳಿ. ಆಗ ಮೂರೂ ಜಾಗಗಳು ಮೆಟ್ರೊ ದಾರಿಯಲ್ಲೇ ಒಂದಾದ ಮೇಲೊಂದು ಬರುತ್ತವೆ.

ಮೆಜೆಸ್ಟಿಕ್‌ನಿಂದ 8ಕ್ಕೆ ನೇರಳೆ ಮಾರ್ಗ ಹಿಡಿಯಿರಿ. ಪಟ್ಟಂದೂರು ಅಗ್ರಹಾರ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ ಇಟ್ಟುಕೊಳ್ಳಿ. 9.30ಕ್ಕೆ ಗೇಟಿನಲ್ಲಿರಬೇಕು, ಗುರುತಿನ ಚೀಟಿ ತೋರಿಸಿ, ಪಾಸ್ ಪಡೆದು ಒಳಹೋಗಲು ಇಪ್ಪತ್ತು ನಿಮಿಷ ಬೇಕಾಗಬಹುದು.

ಎಲ್ಲರೂ ಲೆಕ್ಕ ತಪ್ಪುವುದು ಇಲ್ಲಿಂದ ಮುಂದೆ. ಹತ್ತರ ಸಂದರ್ಶನ ಹನ್ನೊಂದಕ್ಕೆ ಮುಗಿಯುತ್ತದೆ ಎಂದುಕೊಳ್ಳಬೇಡಿ. ಕಾಯಲು ಅರ್ಧ ಗಂಟೆ, ಮಾತಿಗೆ ಒಂದು ಗಂಟೆ, ಎಚ್‌.ಆರ್. ಜತೆ ಅರ್ಧ ಗಂಟೆ ಸೇರಿಸಿ, ಗೇಟಿನಿಂದ ಹೊರಬರುವುದು 12 ಎಂದು ಬರೆಯಿರಿ. ಮುಂದಿನ ಪ್ರಯಾಣದ ಲೆಕ್ಕ ಆ ಗೇಟಿನಿಂದಲೇ ಶುರುವಾಗಲಿ. ನಡಿಗೆಯೂ ಸೇರಿ ಎಂ.ಜಿ. ರಸ್ತೆಗೆ ಒಂದು ಗಂಟೆ. 1ಕ್ಕೆ ತಲುಪಿ ಊಟ ಮಾಡಿ, 1.40ಕ್ಕೆ ಕಚೇರಿಗೆ ಹೋಗಿ.

12ಕ್ಕೂ ಇನ್ನೊಂದು ಸುತ್ತಿಗೆ ಕೂರಿಸಿದರೆ ಊಟದ ಬಿಡುವು ನಿಮ್ಮನ್ನು ಕಾಯುತ್ತದೆ. ಆದರೆ 12.30 ಕೊನೆಯ ಗಡಿ. ದಾಟುವಂತಿದ್ದರೆ ಅಲ್ಲಿಂದಲೇ ಎಂ.ಜಿ. ರಸ್ತೆಯವರಿಗೆ ತಿಳಿಸಿ.

ಎಂ.ಜಿ. ರಸ್ತೆಯಿಂದ 3.30ಕ್ಕೆ ಹೊರಟು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾದರೆ, 4.20ರ ಹೊತ್ತಿಗೆ ಜಯನಗರ ಸೇರುತ್ತೀರಿ. ಅವರು ಸಂಜೆಗೆ ಒಪ್ಪದಿದ್ದರೆ ಬೇರೆ ದಿನ ಕೇಳಿ, 12.30ಕ್ಕೆ ಮಾತ್ರ ಒಪ್ಪಿಕೊಳ್ಳಬೇಡಿ.