ಊಹೆ ಸರಿಯಿತ್ತು, ದುಡ್ಡು ಮಾತ್ರ ಹೋಯಿತು

ಪ್ರಶ್ನೆ: ಸರ್, ನಮ್ಮದು ಕಂಬದೂರು. ಮನೆಮಾತು ಕನ್ನಡ. ಅಪ್ಪನ ಜತೆ ಹೊಲ ನೋಡಿಕೊಳ್ಳುತ್ತೇನೆ. ಒಂದು ವರ್ಷದಿಂದ ಫೋನಿನಲ್ಲೇ ನಿಫ್ಟಿ ಆಪ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಮಾರುಕಟ್ಟೆ ಏರುತ್ತದೆ ಅಂದುಕೊಂಡು ಕಾಲ್ ಕೊಳ್ಳುತ್ತೇನೆ, ಏರುತ್ತದೆ ಕೂಡ. ಆದರೆ ನಾನು ಕೊಂಡ ಕಾಲ್ ಬೆಲೆ ಇಳಿದಿರುತ್ತದೆ. ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಒಂದು ಭಾಗ ಹೀಗೇ ಹೋಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಇದರಲ್ಲಿ ಏನಾದರೂ ಮೋಸ ಇದೆಯಾ, ಇಲ್ಲ ನನಗೇ ಬುದ್ಧಿ ಸಾಲದಾ? ಎಕ್ಸ್‌ಪೈರಿ ದಿನ ಐದು ರೂಪಾಯಿಗೆ ಸಿಗುವ ಕಾಲ್ ತಗೊಂಡರೆ ಕಳೆದದ್ದನ್ನು ವಾಪಸ್ ಪಡೆಯಬಹುದು ಎಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತಪ್ಪು ಊಹೆ ಮಾಡಿ ಕಳೆದುಕೊಂಡರೆ ಮನಸ್ಸು ಹೇಗೋ ಒಪ್ಪಿಕೊಳ್ಳುತ್ತದೆ. ಸರಿಯಾಗಿ ಊಹಿಸಿಯೂ ಕಳೆದುಕೊಂಡಾಗ ಅದು ಒಪ್ಪುವುದಿಲ್ಲ. ಯಾರೋ ಕೈಯಿಂದ ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ. ನಿಮ್ಮ ನಿದ್ದೆ ಕೆಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಬುದ್ಧಿಗೆ ಏನೂ ಆಗಿಲ್ಲ, ಮತ್ತು ನೀವು ಬರೆದಿರುವುದರಲ್ಲಿ ಮೋಸದ ಗುರುತೂ ನನಗೆ ಕಾಣಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ಕೇಳಲು ನಾಚಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಸೆಬಿ ತನ್ನ ಅಧ್ಯಯನದಲ್ಲಿ ಹೇಳಿರುವಂತೆ, 2024–25ರಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಸಾಮಾನ್ಯ ಹೂಡಿಕೆದಾರರಲ್ಲಿ ಸುಮಾರು ಶೇ 91 ಮಂದಿ ನಷ್ಟ ಅನುಭವಿಸಿದ್ದಾರೆ.

ನಿಮ್ಮ ಊಹೆಯಲ್ಲಿ ಎರಡು ಭಾಗ ಇರಬೇಕಿತ್ತು. ನಿಫ್ಟಿ ಏರುತ್ತದೆ ಎಂಬುದು ಒಂದು. ಎಷ್ಟು ದಿನದೊಳಗೆ ಎಷ್ಟು ಏರುತ್ತದೆ ಎಂಬುದು ಇನ್ನೊಂದು. ಕಾಲ್ ಕೊಳ್ಳುವವನು ಎರಡಕ್ಕೂ ಸೇರಿಸಿ ದುಡ್ಡು ಕೊಟ್ಟಿರುತ್ತಾನೆ. ನೀವು ಮೊದಲನೆಯದನ್ನು ಮಾತ್ರ ನೋಡುತ್ತಿದ್ದಿರಿ. ಒಂದು ಲೆಕ್ಕದ ಮೂಲಕ ನೋಡೋಣ. ಅಂಕಿಗಳನ್ನು ನಾನು ದುಂಡಾಗಿಸಿದ್ದೇನೆ. ಏರಿಳಿತದ ಅಂದಾಜನ್ನು ವರ್ಷಕ್ಕೆ ಶೇ 12 ಎಂದು ಕೊನೆಯವರೆಗೂ ಒಂದೇ ಸಮ ಇಟ್ಟುಕೊಂಡಿದ್ದೇನೆ.

ನಿಫ್ಟಿಯ ವಾರದ ಎಕ್ಸ್‌ಪೈರಿ ಈಗ ಮಂಗಳವಾರ. ಈ ಮಂಗಳವಾರ ಮಾರುಕಟ್ಟೆ ಮುಗಿಯುವ ಹೊತ್ತಿಗೆ ನಿಫ್ಟಿ 25,000ದಲ್ಲಿದೆ ಎನ್ನಿ. ಮುಂದಿನ ಮಂಗಳವಾರ ಮುಗಿಯುವ 25,200ರ ಕಾಲ್ 84 ರೂಪಾಯಿಗೆ ಸಿಗುತ್ತದೆ. ಲಾಟ್ 65ರದು, ಆದ್ದರಿಂದ ನೀವು ಕೊಡುವುದು 5,460 ರೂಪಾಯಿ. ಶುಕ್ರವಾರದ ಹೊತ್ತಿಗೆ ನಿಫ್ಟಿ 50 ಪಾಯಿಂಟ್ ಏರಿತು. ನಿಮಗೆ ಖುಷಿ. ಆದರೆ ನಿಮ್ಮ ಕಾಲ್ 64ಕ್ಕೆ ಇಳಿದಿದೆ. ಸೋಮವಾರ ನಿಫ್ಟಿ ಇನ್ನೂ 50 ಏರಿ 25,100 ಮುಟ್ಟಿತು. ನಿಮ್ಮ ಕಾಲ್ ಈಗ 25 ರೂಪಾಯಿ. ಸೂಚ್ಯಂಕ 100 ಪಾಯಿಂಟ್ ಮೇಲೆ ಹೋಗಿದೆ, ನಿಮ್ಮ 5,460 ರೂಪಾಯಿ 1,625ಕ್ಕೆ ಬಂದಿದೆ. ಮಂಗಳವಾರ 25,150ರಲ್ಲಿ ಮುಗಿದರೆ ಅದೂ ಸೊನ್ನೆ. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ನಿಫ್ಟಿ 25,284ರಲ್ಲಿ ಮುಗಿಯಬೇಕಿತ್ತು. ಬ್ರೋಕರೇಜ್, ತೆರಿಗೆ ಅದರ ಮೇಲೆ.

ಇಲ್ಲಿ ಎರಡು ಶಕ್ತಿಗಳು ಎದುರುಬದುರು ಎಳೆದಿವೆ. ಮೊದಲನೆಯದು ಡೆಲ್ಟಾ. ನಿಫ್ಟಿ ಒಂದು ಪಾಯಿಂಟ್ ಏರಿದರೆ ನಿಮ್ಮ ಕಾಲ್ ಎಷ್ಟು ಏರುತ್ತದೆ ಎಂಬುದನ್ನು ಅದು ಹೇಳುತ್ತದೆ. ನೀವು ಕೊಂಡ ದಿನ 25,200ರ ಕಾಲ್‌ನ ಡೆಲ್ಟಾ ಸುಮಾರು 0.32. ಅಂದರೆ ಪಾಯಿಂಟಿಗೆ 32 ಪೈಸೆ. 50 ಪಾಯಿಂಟ್ ಏರಿಕೆಯಿಂದ ನಿಮಗೆ ಸಿಕ್ಕಿದ್ದು ಹದಿನೈದು ರೂಪಾಯಿಯ ಆಸುಪಾಸು ಮಾತ್ರ. ಎರಡನೆಯದು ಥೀಟಾ, ಟೈಮ್ ಡಿಕೇ ಎನ್ನುತ್ತಾರಲ್ಲ, ಅದು. ಆ ಮೂರು ದಿನಗಳಲ್ಲಿ ಕಾಲ ಸವೆದು ಹೋಗಿದ್ದು ಸುಮಾರು 34 ರೂಪಾಯಿ. ಹದಿನೈದು ಬಂತು, ಮೂವತ್ತನಾಲ್ಕು ಹೋಯಿತು. ನಿಮ್ಮನ್ನು ಕಂಗೆಡಿಸಿದ ಗುಟ್ಟು ಇಷ್ಟೇ.

ಈ ಸವೆತ ಒಂದೇ ವೇಗದಲ್ಲಿ ನಡೆಯುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ನಿಫ್ಟಿ ನಿಂತ ಜಾಗದ ಸ್ಟ್ರೈಕನ್ನೇ, ಅಂದರೆ 25,000ದ ಕಾಲ್ ಅನ್ನೇ ತೆಗೆದುಕೊಳ್ಳಿ. ಹದಿನಾರು ದಿನ ಬಾಕಿ ಇದ್ದಾಗ ಅದರ ಬೆಲೆ ಸುಮಾರು 250, ನಾಲ್ಕು ದಿನ ಇದ್ದಾಗ 125, ಒಂದು ದಿನ ಇದ್ದಾಗ 63. ಉಳಿದ ಕಾಲ ನಾಲ್ಕನೇ ಒಂದು ಭಾಗಕ್ಕೆ ಬಂದಾಗ ಬೆಲೆ ಅರ್ಧಕ್ಕೆ ಬರುತ್ತದೆ. ಆದ್ದರಿಂದ ಆ ಹದಿನಾರರಲ್ಲಿ ಮೊದಲ ದಿನ ಕಳೆಯುವಾಗ ಹೋಗುವುದು ಬರೀ ಎಂಟು ರೂಪಾಯಿ. ನಿಫ್ಟಿ ಅಲುಗದಿದ್ದರೆ ಕೊನೆಯ ಒಂದೇ ದಿನದಲ್ಲಿ ಹೋಗುವುದು ಉಳಿದ 63 ರೂಪಾಯಿಯೂ. ನಡುವಿನ ಶನಿವಾರ, ಭಾನುವಾರಗಳಿಗೂ ರಜೆಯಿಲ್ಲ. ಎರಡು ದಿನದ ಸವೆತವನ್ನು ಮಾರುವವರು ಬಹುಪಾಲು ಶುಕ್ರವಾರವೇ ಬೆಲೆಯಲ್ಲಿ ಕಳೆದುಬಿಡುತ್ತಾರೆ.

ಡೆಲ್ಟಾ ಕೂಡ ಇದ್ದಲ್ಲೇ ಇರುವುದಿಲ್ಲ. ನಿಫ್ಟಿ 25,000ದಲ್ಲೇ ನಿಂತಿತು ಎಂದುಕೊಳ್ಳಿ. 25,200ರ ಕಾಲ್‌ನ ಡೆಲ್ಟಾ ಏಳು ದಿನ ಇದ್ದಾಗ 0.32, ನಾಲ್ಕು ದಿನ ಇದ್ದಾಗ 0.26, ಕೊನೆಯ ದಿನಕ್ಕೆ 0.10. ದೂರದ ಸ್ಟ್ರೈಕ್ ದಿನದಿಂದ ದಿನಕ್ಕೆ ನಿಫ್ಟಿಯ ಮಾತು ಕೇಳುವುದನ್ನೇ ಬಿಡುತ್ತದೆ. ನಿಫ್ಟಿಗಿಂತ ಕೆಳಗಿನ 24,800ರ ಕಾಲ್‌ನಲ್ಲಿ ಇದು ತಿರುವುಮುರುವು: 0.68 ಇದ್ದದ್ದು 0.74 ಆಗಿ, ಕೊನೆಯ ದಿನ 0.90 ಆಗುತ್ತದೆ. ಮೇಲೆ ಹೇಳಿದ ಅದೇ ಆರು ದಿನಗಳಲ್ಲಿ, ಅದೇ 100 ಪಾಯಿಂಟ್ ಏರಿಕೆಯಲ್ಲಿ, 24,800ರ ಕಾಲ್ 284ರಿಂದ 302ಕ್ಕೆ ಏರಿರುತ್ತಿತ್ತು. ಹಾಗೆಂದು ಅದನ್ನು ಕೊಳ್ಳಿ ಎಂದು ಹೇಳುತ್ತಿಲ್ಲ. ಒಂದು ಲಾಟಿಗೆ 18,460 ರೂಪಾಯಿ ಬೇಕು, ನಿಫ್ಟಿ 200 ಪಾಯಿಂಟ್ ಬಿದ್ದು ಮುಗಿದರೆ ಅಷ್ಟೂ ಹೋಗುತ್ತದೆ. ಕಡಿಮೆ ಬೆಲೆಯ ಕಾಲ್ ಯಾಕೆ ಕಡಿಮೆ ಬೆಲೆಗೆ ಸಿಗುತ್ತದೆ ಎಂಬುದು ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ಇನ್ನು ಎಕ್ಸ್‌ಪೈರಿ ದಿನ. ನೀವು ಮಳೆ ನಂಬಿ ಕಡಲೆಕಾಯಿ ಬಿತ್ತುವವರು, ನಿಮಗೆ ಇದು ಬೇಗ ಹೊಳೆಯುತ್ತದೆ. ಬಿತ್ತನೆಗೆ ಇನ್ನೂ ತಿಂಗಳು ಇರುವಾಗ ಒಂದು ಮೋಡ ಬಂದು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಂಗಾಮಿನ ಕೊನೆಯ ದಿನ ಅದೇ ಮೋಡ ಹದ ಮಾಡಿತೋ ಇಲ್ಲವೋ ಎಂಬುದರ ಮೇಲೆ ಇಡೀ ವರ್ಷ ನಿಂತಿರುತ್ತದೆ. ಆಪ್ಷನ್ ಕೂಡ ಹಾಗೇ. ಏಳು ದಿನ ಇದ್ದಾಗ ನಿಫ್ಟಿ 25,180ರಿಂದ 25,220ಕ್ಕೆ ಹೋದರೆ 25,200ರ ಕಾಲ್‌ನ ಡೆಲ್ಟಾ 0.48ರಿಂದ 0.52 ಆಗುತ್ತದೆ, ಅಷ್ಟೇ. ಮುಗಿಯಲು ಒಂದು ಗಂಟೆ ಇರುವಾಗ ಅದೇ 40 ಪಾಯಿಂಟ್ ನಡಿಗೆಗೆ ಡೆಲ್ಟಾ ಸುಮಾರು 0.4ರಿಂದ 0.6ಕ್ಕೆ ಹಾರುತ್ತದೆ. ಕಟ್ಟಕಡೆಗೆ ಅದಕ್ಕೆ ಎರಡೇ ದಾರಿ: ಸ್ಟ್ರೈಕ್ ದಾಟಿದ್ದರೆ ಒಂದು, ದಾಟದಿದ್ದರೆ ಸೊನ್ನೆ.

ಸ್ನೇಹಿತರು ಹೇಳುವ ಐದು ರೂಪಾಯಿ ಕಾಲ್ ಕುಳಿತಿರುವುದು ಈ ಅಂಚಿನ ಮೇಲೆ. ಕೆಲವೊಮ್ಮೆ ಅದು ಐವತ್ತಾಗುತ್ತದೆ, ಆ ಸ್ಕ್ರೀನ್‌ಶಾಟ್ ಎಲ್ಲರ ಫೋನಿಗೂ ಬರುತ್ತದೆ. ಬಹಳಷ್ಟು ಸಲ ಸೊನ್ನೆಯಾಗುತ್ತದೆ, ಅದರ ಸ್ಕ್ರೀನ್‌ಶಾಟ್ ಯಾರೂ ಕಳಿಸುವುದಿಲ್ಲ. ಅಂತಿಮ ಲೆಕ್ಕಕ್ಕೆ ಹಿಡಿಯುವುದು ಕೊನೆಯ ಅರ್ಧ ಗಂಟೆಯ ಸರಾಸರಿಯನ್ನು. ಆದ್ದರಿಂದ ಮೂರೂ ಇಪ್ಪತ್ತೊಂಬತ್ತಕ್ಕೆ ಚಿಮ್ಮಿದ ಅಂಕಿ ನಿಮ್ಮನ್ನು ಉಳಿಸುತ್ತದೆ ಎಂದುಕೊಳ್ಳಬೇಡಿ. ಸವೆತ ಮಾರುವವರಿಗೆ ಲಾಭವಲ್ಲವೇ, ನಾನೂ ಮಾರುತ್ತೇನೆ ಎಂಬ ಯೋಚನೆ ಬಂದರೆ ಅದನ್ನೂ ಬಿಡಿ. ಕೊಂಡವನ ನಷ್ಟ ಕೊಟ್ಟ ಪ್ರೀಮಿಯಂಗೆ ನಿಲ್ಲುತ್ತದೆ. ಮಾರಿದವನ ನಷ್ಟಕ್ಕೆ ಹಾಗೆ ತಡೆಯಿಲ್ಲ, ಮತ್ತು ಆ ಕೊನೆಯ ಗಂಟೆಯ ಹಾರಾಟ ಅವನ ಮೇಲೇ ಬೀಳುತ್ತದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ.

ಮೊದಲು, ಮುಂದಿನ ಎರಡು ಎಕ್ಸ್‌ಪೈರಿಗಳವರೆಗೆ ಏನನ್ನೂ ಕೊಳ್ಳಬೇಡಿ. ಆ ದಿನಗಳಲ್ಲಿ ನಿಮ್ಮ ಹಳೆಯ ವಹಿವಾಟುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಅಂಕಿ ಸಾಕು: ಕೊಂಡಾಗ ಉಳಿದಿದ್ದ ದಿನಗಳು, ಸ್ಟ್ರೈಕ್ ಎಷ್ಟು ದೂರವಿತ್ತು, ಸ್ಟ್ರೈಕ್‌ಗೆ ಪ್ರೀಮಿಯಂ ಕೂಡಿಸಿದರೆ ಬರುವ ಮೊತ್ತ. ನಿಮ್ಮ ನಷ್ಟಗಳು ಹೆಚ್ಚಾಗಿ ಕೊನೆಯ ಎರಡು ಮೂರು ದಿನದ ದೂರದ ಸ್ಟ್ರೈಕ್‌ಗಳಲ್ಲೇ ಇರಬಹುದು. ಅದನ್ನು ನೀವೇ ಕಣ್ಣಾರೆ ನೋಡಬೇಕು.

ಎರಡನೆಯದು, ಮತ್ತೆ ಎಂದಾದರೂ ಕೊಳ್ಳುವುದಾದರೆ ಆಪ್ಷನ್ ಚೈನಿನಲ್ಲಿ ಡೆಲ್ಟಾ, ಥೀಟಾ ನೋಡದೆ ಕೊಳ್ಳಬೇಡಿ. ಥೀಟಾ ಮೈನಸ್ 12 ಎಂದು ತೋರಿಸಿ ಡೆಲ್ಟಾ 0.3 ಇದ್ದರೆ, ಒಂದು ದಿನ ಸುಮ್ಮನೆ ಇಟ್ಟುಕೊಳ್ಳುವುದಕ್ಕೇ ನಿಫ್ಟಿ 40 ಪಾಯಿಂಟ್ ಏರಬೇಕು. ಹನ್ನೆರಡನ್ನು 0.3ರಿಂದ ಭಾಗಿಸಿದರೆ ಸಿಗುವ ಲೆಕ್ಕ ಇದು. ಅಷ್ಟು ಏರುತ್ತದೆ ಎಂಬ ನಂಬಿಕೆ ಇಲ್ಲದಿದ್ದರೆ ಕೊಳ್ಳಬೇಡಿ. ಹೊರಬರುವ ಬೆಲೆಯ ಜತೆಗೆ ಹೊರಬರುವ ದಿನವನ್ನೂ ಕೊಳ್ಳುವ ಮೊದಲೇ ಬರೆದಿಡಿ. ಬಜೆಟ್, ರಿಸರ್ವ್ ಬ್ಯಾಂಕ್ ಪ್ರಕಟಣೆಗಳ ಮುಂಚೆ ಪ್ರೀಮಿಯಂ ಉಬ್ಬಿರುತ್ತದೆ, ಸುದ್ದಿ ಬಂದೊಡನೆ ಇಳಿಯುತ್ತದೆ. ಆಗ ಮೇಲಿನ ಲೆಕ್ಕಕ್ಕಿಂತಲೂ ಹೆಚ್ಚು ಸವೆಯುತ್ತದೆ.

ಮೂರನೆಯದು, ಬಿತ್ತನೆ ಬೀಜದ ದುಡ್ಡು, ಸಾಲದ ದುಡ್ಡು ಈ ಖಾತೆಗೆ ಹೋಗಬಾರದು. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ನಾಲ್ಕನೆಯದು ಕಷ್ಟದ್ದು. ಮನೆಯಲ್ಲಿ ಹೇಳಿ. ಅಪ್ಪ ಬೈಯಬಹುದು. ಆದರೆ ಮಳೆ ಕೈಕೊಟ್ಟ ವರ್ಷಗಳನ್ನು ಕಂಡವರು ಅವರು, ನಷ್ಟ ಅಂದರೇನು ಎಂಬುದು ಅವರಿಗೆ ಗೊತ್ತಿದೆ. ಸುತ್ತಿಬಳಸದೆ ಮೊತ್ತ ಹೇಳಿ, ನಿಲ್ಲಿಸಿದ್ದೇನೆ ಎಂದು ಹೇಳಿ. ಕಳೆದದ್ದನ್ನು ಗುಟ್ಟಾಗಿ ವಾಪಸ್ ಪಡೆಯುವ ಆತುರವೇ ನಿಮ್ಮನ್ನು ಐದು ರೂಪಾಯಿಯ ಕಾಲ್ ಹತ್ತಿರ ಎಳೆಯುತ್ತಿದೆ. ಗುಟ್ಟು ಹೋದರೆ ಆತುರವೂ ಅರ್ಧ ಹೋಗುತ್ತದೆ.

ನಿದ್ದೆ ಇನ್ನೂ ಬಾರದಿದ್ದರೆ, ಬೇಡದ ಯೋಚನೆಗಳು ಬಂದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ಯಾರಾದರೂ ನಿಮ್ಮ ಖಾತೆಯಲ್ಲಿ ವಹಿವಾಟು ಮಾಡಿದ್ದರೆ ಅದು ಮೋಸ. ಅದಕ್ಕೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ಕೊಡಬಹುದು. ಹಣದ ಸಲಹೆ ಬೇಕಾದರೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರನ್ನೇ ಕೇಳಿ, ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಇವತ್ತು ರಾತ್ರಿಯೇ ನೋಟ್‌ಬುಕ್ ತೆಗೆದು ಮೊದಲ ವಹಿವಾಟಿನ ಮೂರು ಅಂಕಿ ಬರೆಯಿರಿ. ಬರುವ ಮಂಗಳವಾರದ ಮುಂಚೆ ಅಪ್ಪನ ಹತ್ತಿರ ಮಾತಾಡಿ.