ಹಣೆಯ ಕಪ್ಪಿಗೆ ಕಡಲೆಕಾಯಿ ಎಣ್ಣೆ

ಹಿಂದೂಪುರವಿರಲಿ, ಕಲ್ಯಾಣದುರ್ಗವಿರಲಿ, ನಾಳೆ ಮದುವೆಯೆಂದರೆ ಇಂದು ರಾತ್ರಿ ಮನೆಯಲ್ಲೇ ಡೈ ಹಚ್ಚುವವರುಂಟು. ಬೆಳಗ್ಗೆ ನೋಡಿದರೆ ಹಣೆಯಂಚು, ಕಿವಿ ಎಲ್ಲ ಕಪ್ಪು! ಗಾಳಿ ತಾಗಿದಷ್ಟೂ ಬಣ್ಣ ಗಟ್ಟಿಯಾಗುವುದರಿಂದ ಚರ್ಮಕ್ಕೆ ಸೋಕಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಒಣಗಿದ್ದರೆ ಅಡುಗೆಮನೆಯ ಕಡಲೆಕಾಯಿ ಎಣ್ಣೆಯನ್ನು ಹತ್ತಿಯಲ್ಲಿ ಹಚ್ಚಿ, 10 ನಿಮಿಷ ಬಿಟ್ಟು, ಮೆಲ್ಲಗೆ ಉಜ್ಜಿ ಸೋಪಿನಿಂದ ತೊಳೆಯಿರಿ. ನೆತ್ತಿಯ ಕಲೆ ಕೆಲವು ತಲೆಸ್ನಾನಗಳಲ್ಲಿ ತಾನೇ ಮಾಸುತ್ತದೆ, ಕೆರೆಯಬೇಡಿ.

ಉಗುರು ಮಾತ್ರ ಹಠಮಾರಿ. ಅದೂ ಕೂದಲಿನಂತೆ ಕೆರಾಟಿನ್ನೇ ಆದ್ದರಿಂದ ಬಣ್ಣ ಒಳಗಿಳಿಯುತ್ತದೆ. ನೇಲ್ ಪಾಲಿಶ್ ರಿಮೂವರ್ ತುಸು ತೆಗೆದೀತು (ಅದನ್ನು ಹಣೆಗೆ ಮುಟ್ಟಿಸಬೇಡಿ), ಉಳಿದದ್ದು ತಿಂಗಳಿಗೆ ಸುಮಾರು 3 ಮಿ.ಮೀ.ನಂತೆ ಬೆಳೆದೇ ಹೋಗಬೇಕು. ತುರಿಕೆ, ಊತ ಕಂಡರೆ ಅದು ಬರೀ ಕಲೆಯಲ್ಲ, ಅಲರ್ಜಿ ಇರಬಹುದು; ವೈದ್ಯರಿಗೆ ತೋರಿಸಿ.