ಬಾಣಂತಿಯ ಎದೆನೋವು ಗ್ಯಾಸ್ ಅಲ್ಲದಿರಬಹುದು

ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳದ ಗೋಡೆ ತಾನಾಗಿ ಸೀಳಿ, ಪದರಗಳ ನಡುವೆ ರಕ್ತ ತುಂಬಿ, ಒಳದಾರಿಯನ್ನು ಅದುಮುವ ಸ್ಥಿತಿಗೆ ವೈದ್ಯರು ‘ಸ್ಕ್ಯಾಡ್’ ಎನ್ನುತ್ತಾರೆ. ಇಲ್ಲಿ ಕೊಬ್ಬಿನ ಪಾತ್ರವಿಲ್ಲ. ಆದ್ದರಿಂದಲೇ ಶುಗರ್, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಸರಿಯಿರುವ ಯುವತಿಗೂ ಹೃದಯಾಘಾತವಾಗುತ್ತದೆ. ಹೆರಿಗೆಯ ನಂತರದ ವಾರಗಳಲ್ಲಿ ವಿಶೇಷ ಎಚ್ಚರ ಬೇಕು.

ಕಮ್ಮರಡಿಯ ಬಾಣಂತಿಯೊಬ್ಬರಿಗೆ ಎದೆ ಬಿಗಿದು, ನೋವು ದವಡೆಗೂ ಎಡಗೈಗೂ ಹರಿದು, ಮೈ ಬೆವರಿತು ಎಂದಿಟ್ಟುಕೊಳ್ಳೋಣ. ಗ್ಯಾಸ್ ಎಂದು ಜೀರಿಗೆ ಕಷಾಯ ಕೊಟ್ಟು ಕಾಯುವುದೇ ದೊಡ್ಡ ತಪ್ಪು. ಕೂಡಲೇ ಕೊಪ್ಪಕ್ಕೆ ಹೋಗಿ ಇಸಿಜಿ ಮಾಡಿಸಬೇಕು, ಟ್ರೋಪೋನಿನ್ ರಕ್ತಪರೀಕ್ಷೆಯೂ ಆಗಬೇಕು. ಮೊದಲ ಸಲ ಎರಡೂ ಸರಿಯಿದ್ದರೂ ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕಾಗುತ್ತದೆ. ಹೆರಿಗೆಯಾದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸಾಮಾನ್ಯ ಹೃದಯಾಘಾತದಲ್ಲಿ ಜೀವ ಉಳಿಸುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿ ಸೀಳನ್ನು ಹಿಗ್ಗಿಸಬಹುದು. ಖಚಿತವಾಗಲು ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಆಂಜಿಯೋಗ್ರಾಂ ಆಗಬೇಕು.

ಸ್ಟೆಂಟ್ ಹಾಕಲಿಲ್ಲವೆಂದು ಮನೆಯವರು ಗಾಬರಿಯಾಗುವುದುಂಟು. ರಕ್ತ ಹರಿಯುತ್ತಿದ್ದು, ನೋವು ತಗ್ಗಿದ್ದರೆ ಆಸ್ಪತ್ರೆಯಲ್ಲೇ ಇದ್ದು ಕಾಯುವುದು ಸರಿ. ತಂತಿ ತೂರಿಸಿದರೆ ಸೀಳು ಇನ್ನೂ ಉದ್ದವಾಗಬಹುದು. ಹೆಚ್ಚಿನವು ಕೆಲವು ತಿಂಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ. ಆದರೆ ಇದು ಮರುಕಳಿಸಬಲ್ಲದು, ಮುಂದಿನ ಬಸಿರಿನ ಯೋಚನೆಗೆ ಮೊದಲು ಹೃದಯತಜ್ಞರನ್ನು ಕಾಣಬೇಕು.